ಐತೇನ್ರಿ, ಇದ್ಯಾ, ಕಲ್ಪಿಸಿಕೊಡಬೇಕಾಗಿ

ತಾಲ್ಲೂಕು ಕಾಲೇಜಿನ ಹುಡುಗರಿಗೆ ಮರ್ಯಾದೆಯಿಂದ ನಾಲ್ಕು ಸಾಲು ಬರೆಯಲು ಬರುವುದಿಲ್ಲ ಎಂಬ ದೂರು ಈಗ ಎಲ್ಲರ ಬಾಯಲ್ಲೂ ಇದೆ. ಕಂಪನಿಯವರು ಹೇಳುತ್ತಾರೆ, ಮೇಷ್ಟ್ರು ತಲೆದೂಗುತ್ತಾರೆ, ಹುಡುಗರೂ ಹೌದೆಂದು ಒಪ್ಪಿಕೊಂಡುಬಿಟ್ಟಿದ್ದಾರೆ. ನಾನು ಒಪ್ಪುವುದಿಲ್ಲ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ಹುಡುಗ ಹುಡುಗಿಯರ ಬಾಯಲ್ಲಿ ಮರ್ಯಾದೆ ಮೊದಲೇ ಇತ್ತು. ಬರೆಯಲು ಕೂತಾಗ ಅದನ್ನು ನಾಚಿಕೆಯಿಂದ ಬಿಡುವಂತೆ ಮಾಡಿದವರು ನಾವು. ಬಿಟ್ಟ ಜಾಗದಲ್ಲಿ ಬೇಡುವುದನ್ನು ತುಂಬಿದವರೂ ನಾವೇ.

ಇದನ್ನು ಹೇಳಲು ನನಗಿರುವ ಅರ್ಹತೆ ಸಣ್ಣದು. ದಾವಣಗೆರೆಯ ಒಂದು ಖಾಸಗಿ ಕಂಪನಿಯ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಇಂಟರ್ನ್‌ಶಿಪ್ ಕೇಳಿ ನಮ್ಮ ಮ್ಯಾನೇಜರ್‌ಗೆ ಬರುವ ಸಂದೇಶಗಳು ‘ನೋಡಿ’ ಎಂಬ ಒಂದೇ ಪದ ಹೊತ್ತು ನನ್ನ ಮೊಬೈಲಿಗೆ ಬಂದು ಬೀಳುತ್ತವೆ. 2021–22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಪಠ್ಯಕ್ರಮ ರಾಜ್ಯದ ಪದವಿ ಕಾಲೇಜುಗಳಿಗೆ ಬಂದಾಗ ಇಂಟರ್ನ್‌ಶಿಪ್ ಎಂಬ ಮಾತು ತಾಲ್ಲೂಕು ಕೇಂದ್ರಗಳಿಗೂ ಬಂತು. 2024ರಲ್ಲಿ ರಾಜ್ಯ ಮತ್ತೆ ಮೂರು ವರ್ಷದ ಪದವಿಗೆ ಮರಳಿದರೂ ಆ ಮಾತು ಹೋಗಲಿಲ್ಲ, ಸಂದೇಶಗಳೂ ನಿಲ್ಲಲಿಲ್ಲ. ಇಲ್ಲಿ ಕೊಡುವ ಮಾದರಿಗಳು ಯಾರೊಬ್ಬರದೂ ಅಲ್ಲ. ಹಲವನ್ನು ಕಲೆಸಿ ನಾನೇ ಕಟ್ಟಿದ್ದು. ಆದರೆ ಓದಿದ ಯಾವ ವಿದ್ಯಾರ್ಥಿಗೂ ಇವು ಅಪರಿಚಿತ ಅನ್ನಿಸಲಾರವು.

ಮೊದಲನೆಯದು ಹೀಗಿರುತ್ತದೆ:

‘ಹಾಯ್ ಸರ್. ನಾನು ಬಿ.ಕಾಂ. ಫೈನಲ್ ಇಯರ್. ನಿಮ್ ಕಂಪನೀಲಿ ಇಂಟರ್ನ್‌ಶಿಪ್ ಇದ್ಯಾ? ಸ್ಟೈಪೆಂಡ್ ಎಷ್ಟು? ಬೇಗ ಹೇಳಿ, 25ರೊಳಗೆ ಲೆಟರ್ ಕೊಡ್ಬೇಕು.’

ಮ್ಯಾನೇಜರ್ ಇದನ್ನು ಓದಿ ಹುಬ್ಬು ಗಂಟಿಕ್ಕುತ್ತಾರೆ. (ಅವರು ಹೆಂಗಸು. ‘ಸರ್’ ಎಂಬುದನ್ನು ಮಾತ್ರ ಎಂದೋ ಕ್ಷಮಿಸಿಬಿಟ್ಟಿದ್ದಾರೆ.) ‘ಇವನೇನು ಅಂಗಡಿಗೆ ಬಂದು ಸಕ್ಕರೆ ಇದ್ಯಾ ಅಂತ ಕೇಳ್ತಿದಾನಾ?’ ಎಂಬುದು ಅವರ ಪ್ರಶ್ನೆ. ಹುಡುಗ ಒರಟನೇ? ಅವನನ್ನೇ ಎದುರಿಗೆ ನಿಲ್ಲಿಸಿ ನೋಡಿ. ಜಗಳೂರಿನ ಹುಡುಗ ಕೌಂಟರಿನ ಮುಂದೆ ನಿಂತರೆ ‘ನಿಮ್ಮಲ್ಲಿ ಕೆಲ್ಸ ಕಲಿಯಾಕೆ ಅವಕಾಶ ಐತೇನ್ರಿ?’ ಎನ್ನುತ್ತಾನೆ. ಆ ‘ರಿ’ ಒಂದೇ ಅಕ್ಷರ, ಆದರೆ ವಾಕ್ಯದ ಮರ್ಯಾದೆಯ ಭಾರವನ್ನೆಲ್ಲ ಅದು ಹೊರುತ್ತದೆ. ನಮ್ಮ ಕಡೆ ‘ಬರ್ರಿ’, ‘ಹೇಳ್ರಿ’, ‘ಹೌದ್ರಿ’ ಎನ್ನುವಾಗ ಯಾರೂ ದೊಡ್ಡ ಪದ ಹುಡುಕುವುದಿಲ್ಲ. ಕ್ರಿಯಾಪದದ ಬಾಲಕ್ಕೇ ಗೌರವ ಅಂಟಿರುತ್ತದೆ. ಅಜ್ಜನಿಗೂ ಅದೇ, ಬಸ್ ಕಂಡಕ್ಟರಿಗೂ ಅದೇ.

ಇದೇ ಹುಡುಗ ಮೊಬೈಲ್ ಕೈಗೆತ್ತಿಕೊಂಡ ಕೂಡಲೇ ‘ಐತೇನ್ರಿ’ ಹಳ್ಳಿಯ ಮಾತು ಎಂದು ಅಳಿಸುತ್ತಾನೆ. ಅಳಿಸಿ ‘ಇದ್ಯಾ’ ಎಂದು ಬರೆಯುತ್ತಾನೆ. ‘ಇದ್ಯಾ’ ಅವನ ಮನೆಯ ಮಾತಲ್ಲ. ಧಾರಾವಾಹಿಯಿಂದ, ಬೆಂಗಳೂರಿನ ಗೆಳೆಯರಿಂದ, ರೀಲ್ಸ್‌ನಿಂದ ಬಂದದ್ದು. ಆ ಕನ್ನಡದಲ್ಲಿ ಗೌರವ ಬೇರೆ ಕಡೆ ಇರುತ್ತದೆ, ದನಿಯ ಏರಿಳಿತದಲ್ಲಿ, ಮುಖದ ನಗೆಯಲ್ಲಿ, ‘ಸರ್’ ಎನ್ನುವ ಪದವನ್ನು ಎಷ್ಟು ಸಲ ಎಲ್ಲೆಲ್ಲಿ ಇಡುತ್ತೀರಿ ಎಂಬುದರಲ್ಲಿ. ಪರದೆಯ ಮೇಲೆ ದನಿಯೂ ಇಲ್ಲ, ನಗೆಯೂ ಇಲ್ಲ. ಹೀಗಾಗಿ ತನ್ನ ಭಾಷೆಯನ್ನು ತಿದ್ದಿಕೊಂಡೆ ಎಂದುಕೊಂಡ ಹುಡುಗ ಅದರಲ್ಲಿದ್ದ ಒಂದೇ ಮರ್ಯಾದೆಯ ಅಕ್ಷರವನ್ನು ತೆಗೆದುಹಾಕಿರುತ್ತಾನೆ. ಮ್ಯಾನೇಜರ್ ಓದುವುದು ಆ ಉಳಿಕೆಯನ್ನು.

ಈ ನಾಲ್ಕು ತಾಲ್ಲೂಕುಗಳ ಮಾತು ಒಂದೇ ಅಚ್ಚಿನದಲ್ಲ ಎಂಬುದೂ ಗೊತ್ತಿರಲಿ. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಚನ್ನಗಿರಿ ಮತ್ತು ಹೊನ್ನಾಳಿ ಶಿವಮೊಗ್ಗದಿಂದ ಬಂದವು, ಜಗಳೂರು ಚಿತ್ರದುರ್ಗದಿಂದ ಬಂತು. ನ್ಯಾಮತಿ ಆಗ ಹೊನ್ನಾಳಿಯ ಒಳಗಿತ್ತು, ಬೇರೆ ತಾಲ್ಲೂಕಾದದ್ದು ಈಚೆಗೆ. ಅಡಿಕೆ ತೋಟದ ಚನ್ನಗಿರಿಯ ಹುಡುಗಿಯ ಮಾತಿಗೂ ಬೆದ್ದಲು ಸೀಮೆಯ ಜಗಳೂರಿನ ಹುಡುಗನ ಮಾತಿಗೂ ವ್ಯತ್ಯಾಸವಿದೆ. ಹೀಗಿದ್ದೂ ನನಗೆ ಬರುವ ಸಂದೇಶಗಳಲ್ಲಿ ಆ ವ್ಯತ್ಯಾಸ ಕಾಣುವುದಿಲ್ಲ. ಎಲ್ಲರೂ ಒಂದೇ ‘ಇದ್ಯಾ’ಕ್ಕೆ ಬಂದು ನಿಂತಿದ್ದಾರೆ.

ಸಂದೇಶದ ಕೊನೆಯ ಮಾತಿನಲ್ಲಿ ಇನ್ನೊಂದು ಎಡವಟ್ಟಿದೆ, ಅದು ಕನ್ನಡದ ವ್ಯಾಕರಣದಿಂದಲೇ ಹುಟ್ಟಿದ್ದು. ‘25ರೊಳಗೆ ಲೆಟರ್ ಕೊಡ್ಬೇಕು.’ ಯಾರು ಕೊಡಬೇಕು? ಹುಡುಗನ ಮನಸ್ಸಿನಲ್ಲಿ ಇರುವುದು ‘ನಾನು ಕಾಲೇಜಿಗೆ ಕೊಡಬೇಕು’ ಎಂದು. ನಮ್ಮ ಭಾಷೆಯಲ್ಲಿ ಕರ್ತೃಪದ ಬಿಟ್ಟರೂ ವಾಕ್ಯ ನಿಲ್ಲುತ್ತದೆ, ಆದರೆ ‘ಬೇಕು’ ಎಂಬ ಕ್ರಿಯೆ ಯಾರಾದರೊಬ್ಬರ ತಲೆಯ ಮೇಲೆ ಕೂರಲೇಬೇಕು. ಹೆಸರಿಲ್ಲದಿದ್ದರೆ ಅದು ಓದುವವರ ತಲೆಯ ಮೇಲೆ ಕೂರುತ್ತದೆ. ಮ್ಯಾನೇಜರ್ ಓದುವುದು ‘ನೀವು 25ರೊಳಗೆ ಲೆಟರ್ ಕೊಡಬೇಕು’ ಎಂದು. ಪಕ್ಕದಲ್ಲೇ ‘ಬೇಗ ಹೇಳಿ’ ಬೇರೆ ಇದೆ. ವಿನಂತಿ ಅಪ್ಪಣೆಯಾಗಲು ಇಷ್ಟು ಸಾಕು. ‘ನಾನು’ ಎಂಬ ಎರಡು ಅಕ್ಷರ ಇದ್ದಿದ್ದರೆ ಅರ್ಧ ಸಿಟ್ಟು ಇಳಿಯುತ್ತಿತ್ತು.

ಹುಡುಗ ಇದನ್ನು ಕಾಲೇಜಿನಲ್ಲಿ ತೋರಿಸುತ್ತಾನೆ. ‘ಹೀಗೆಲ್ಲ ಬರೀತಾರೇನೋ’ ಎಂದು ಬೈಸಿಕೊಳ್ಳುತ್ತಾನೆ. ಮರುದಿನ ಅದೇ ನಂಬರಿನಿಂದ ತಿದ್ದಿದ ಪ್ರತಿ ಬರುತ್ತದೆ:

‘ಮಾನ್ಯರೇ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ಜಗಳೂರಿನಲ್ಲಿ ವ್ಯಾಸಂಗ ಮಾಡುತ್ತಿರುವ ನಾನು ತಮ್ಮ ಪ್ರತಿಷ್ಠಿತ ಸಂಸ್ಥೆಯಲ್ಲಿ ಇಂಟರ್ನ್‌ಶಿಪ್ ಮಾಡಲು ಇಚ್ಛಿಸಿದ್ದು, ದಯಮಾಡಿ ತಾವುಗಳು ಅವಕಾಶ ಕಲ್ಪಿಸಿಕೊಡಬೇಕಾಗಿ ಕಳಕಳಿಯಿಂದ ಪ್ರಾರ್ಥಿಸುತ್ತೇನೆ. ಇಂತಿ ತಮ್ಮ ವಿಧೇಯ ವಿದ್ಯಾರ್ಥಿ.’

ಮೇಲ್ಕಂಡ ವಿಷಯ ಯಾವುದು ಎಂದು ಪರದೆಯನ್ನು ಮೇಲಕ್ಕೆ ಸರಿಸಿದರೆ ಅಲ್ಲಿ ಇರುವುದು ನಿನ್ನೆಯ ‘ಹಾಯ್ ಸರ್’. ನಗು ಬರುತ್ತದೆ, ಇರಲಿ. ನನಗೆ ಸಿಟ್ಟು ಬರುವುದು ಬೇರೆ ಕಾರಣಕ್ಕೆ. ಎರಡನ್ನೂ ಅಕ್ಕಪಕ್ಕ ಇಟ್ಟು, ಓದುವವರಿಗೆ ಏನು ತಿಳಿಯಿತು ಎಂದು ಎಣಿಸಿ ನೋಡಿ. ಮೊದಲನೆಯದರಲ್ಲಿ ಬಿ.ಕಾಂ. ಕೊನೆಯ ವರ್ಷ ಎಂದಿತ್ತು, 25ರ ಗಡುವಿತ್ತು, ಒಂದು ಪತ್ರ ಬೇಕೆಂದಿತ್ತು, ಹಣದ ಪ್ರಶ್ನೆಯಿತ್ತು. ಎರಡನೆಯದರಲ್ಲಿ ಊರಿನ ಹೆಸರೊಂದು ಸೇರಿದೆ, ಉಳಿದ ನಾಲ್ಕೂ ಮಾಯವಾಗಿವೆ. ಮರ್ಯಾದೆ ಕಲಿಸುವ ಹೆಸರಿನಲ್ಲಿ ವಿಷಯವನ್ನೇ ಕಳೆದಿದ್ದೇವೆ. ತಮಾಷೆಯೆಂದರೆ ಆ ‘ಬೇಕು’ ಹೋಗಿಲ್ಲ. ‘ಕಲ್ಪಿಸಿಕೊಡಬೇಕಾಗಿ’ ಎಂಬುದರ ಹೊಟ್ಟೆಯೊಳಗೆ ಅದು ಹಾಗೆಯೇ ಕೂತಿದೆ. ಈಗ ಅದು ನಿಜವಾಗಿಯೂ ಓದುವವರ ಮೇಲೆಯೇ ಹೊರಿಸಿದ ‘ಬೇಕು’.

ಈ ಧಾಟಿ ಎಲ್ಲಿಂದ ಬಂತು ಎಂಬುದು ಶಾಲೆಯಲ್ಲಿ ರಜೆ ಚೀಟಿ ಬರೆದ ಎಲ್ಲರಿಗೂ ಗೊತ್ತು. ರಜೆ ಚೀಟಿಗೆ ಅದು ಬಂದದ್ದು ಕಚೇರಿಯ ಅರ್ಜಿಯಿಂದ. ಕಚೇರಿಯಲ್ಲಿ ಆ ಧಾಟಿಗೆ ಒಂದು ಅರ್ಥವಿದೆ. ಜಾತಿ ಪ್ರಮಾಣಪತ್ರಕ್ಕೆ ತಹಶೀಲ್ದಾರರಿಗೆ ಅರ್ಜಿ ಕೊಡುವಾಗ ನೀವು ಎಷ್ಟೇ ಪ್ರಾರ್ಥಿಸಿದರೂ, ಪ್ರಾರ್ಥಿಸದಿದ್ದರೂ, ಅವರು ನೋಡುವುದು ಲಗತ್ತಿಸಿದ ದಾಖಲೆಗಳನ್ನು. ಅರ್ಹತೆಯಿದ್ದರೆ ಕೊಡಬೇಕಾದದ್ದು ಅವರ ಕರ್ತವ್ಯ. ಮಾಹಿತಿಯೆಲ್ಲ ನಮೂನೆಯಲ್ಲಿ, ಲಗತ್ತಿನಲ್ಲಿ ಇರುವುದರಿಂದ ಅರ್ಜಿಯ ವಾಕ್ಯ ಬರೀ ಮಂತ್ರವಾಗಿದ್ದರೂ ನಡೆಯುತ್ತದೆ. ಕಂಪನಿಗೆ ಅಂಥ ಕರ್ತವ್ಯವೇನೂ ಇಲ್ಲ. ಇಲ್ಲಿ ನಮೂನೆಯೂ ಇಲ್ಲ, ಲಗತ್ತೂ ಇಲ್ಲ. ಹುಡುಗನ ಬಗ್ಗೆ ತಿಳಿಯಲು ಇರುವುದು ಆ ನಾಲ್ಕು ಸಾಲು ಮಾತ್ರ, ಅದರಲ್ಲಿ ಮಂತ್ರವನ್ನಷ್ಟೇ ತುಂಬಿದರೆ ಓದುವವರ ಕೈಗೆ ಏನೂ ಸಿಗುವುದಿಲ್ಲ. ಹೀಗೆ ಬಂದ ಸಂದೇಶಗಳಲ್ಲಿ ಒಬ್ಬರನ್ನು ಇನ್ನೊಬ್ಬರಿಂದ ಬೇರ್ಪಡಿಸುವುದೇ ಕಷ್ಟ. ಐದು ಜನ ವಿಧೇಯರು ಒಂದೇ ವಾರದಲ್ಲಿ ಬಂದರೆ ಐದೂ ಜನ ಒಬ್ಬನೇ ಎನ್ನಿಸುತ್ತದೆ.

ಎಲ್ಲಕ್ಕಿಂತ ದೊಡ್ಡ ನಷ್ಟ ಆ ಹಣದ ಪ್ರಶ್ನೆಯದು. ‘ಸ್ಟೈಪೆಂಡ್ ಎಷ್ಟು ಅಂತ ಕೇಳಬಾರದು, ಮರ್ಯಾದೆಯಲ್ಲ’ ಎಂದು ಹುಡುಗರಿಗೆ ಹೇಳುವವರನ್ನು ನಾನು ಕೇಳಬಯಸುತ್ತೇನೆ: ಯಾರಿಗೆ ಮರ್ಯಾದೆಯಲ್ಲ? ಜಗಳೂರಿನಿಂದ ದಾವಣಗೆರೆಗೆ ಸುಮಾರು 50 ಕಿಲೋಮೀಟರ್. ದಿನಾ ಹೋಗಿಬರುವುದಾದರೆ ಹುಡುಗನಿಗೆ ಎರಡೂ ಹೊತ್ತು ಟಿಕೆಟ್. ಹುಡುಗಿಯಾದರೆ 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆಯಿಂದ ಸರ್ಕಾರಿ ಬಸ್ಸಿನಲ್ಲಿ ದುಡ್ಡಿಲ್ಲ, ಆದರೆ ಸಂಜೆ ಕೆಲಸ ಬಿಡುವ ಹೊತ್ತಿಗೆ ಸರ್ಕಾರಿ ಬಸ್ಸು ಸಿಗಬೇಕು. ಸಿಗದಿದ್ದರೆ ಖಾಸಗಿ ಬಸ್ಸು. ದಾವಣಗೆರೆಯಲ್ಲೇ ಉಳಿಯುವುದಾದರೆ ಪಿ.ಜಿ.ಗೆ ಮುಂಗಡ ಕಟ್ಟಬೇಕು. ಆರು ವಾರದ ಈ ಖರ್ಚು ಮೆಕ್ಕೆಜೋಳ ಬೆಳೆವ ಮನೆಗೆ ಸಣ್ಣದಲ್ಲ. ಭತ್ಯೆ ಇದೆಯೋ ಇಲ್ಲವೋ ತಿಳಿಯದೆ ಬಂದವರು ಎರಡನೇ ವಾರ ಹೇಳದೆ ಕೇಳದೆ ನಿಂತುಬಿಡುತ್ತಾರೆ. ಆಗ ಮತ್ತೆ ನಾವೇ ಹೇಳುತ್ತೇವೆ, ‘ಈಗಿನ ಹುಡುಗರಿಗೆ ಜವಾಬ್ದಾರಿ ಇಲ್ಲ’ ಎಂದು. ಹಣದ ಪ್ರಶ್ನೆಯಲ್ಲಿ ಒರಟುತನ ಇದ್ದದ್ದು ‘ಎಷ್ಟು’ ಎಂಬಲ್ಲಿ, ಕೊಟ್ಟೇ ಕೊಡುತ್ತಾರೆ ಎಂದು ಮೊದಲೇ ಇಟ್ಟುಕೊಂಡದ್ದರಲ್ಲಿ. ಕೇಳಿದ್ದರಲ್ಲಿ ಅಲ್ಲ. ‘ಎಷ್ಟು’ ಬದಲು ‘ಇದೆಯೇ’ ಎಂದು ಕೇಳಿ, ಏಕೆ ಕೇಳುತ್ತಿದ್ದೇನೆ ಎಂದು ಒಂದು ಮಾತು ಸೇರಿಸಿದರೆ ಯಾವ ಮ್ಯಾನೇಜರಿಗೂ ಮುಜುಗರವಾಗುವುದಿಲ್ಲ.

ಹಾಗಾದರೆ ಹೇಗೆ ಬರೆಯುವುದು? ಆ ಜಗಳೂರಿನ ಹುಡುಗನ ಮೊದಲ ಸಂದೇಶವನ್ನೇ ಇಟ್ಟುಕೊಂಡು ತಿದ್ದೋಣ. ಅದರಲ್ಲಿ ಜೀವವಿದೆ, ಎರಡನೆಯದರಲ್ಲಿ ಇಲ್ಲ.

‘ಹಾಯ್’ ಹೋಗಿ ‘ನಮಸ್ಕಾರ’ ಬರಲಿ. ಸರ್ರೋ ಮೇಡಮ್ಮೋ ಗೊತ್ತಿಲ್ಲದಿದ್ದರೆ ಕನ್ನಡದಲ್ಲಿ ಒಂದು ಅನುಕೂಲವಿದೆ. ನಮ್ಮ ಗೌರವದ ಬಹುವಚನಕ್ಕೆ ಗಂಡು ಹೆಣ್ಣೆಂಬ ಭೇದವಿಲ್ಲ. ‘ಮ್ಯಾನೇಜರ್ ಅವರಿಗೆ ನಮಸ್ಕಾರ’ ಎಂದರೆ ಇಬ್ಬರಿಗೂ ಆಯಿತು. ‘ತಾವು’ ಬೇಡ. ‘ತಾವು’ ಎಂದು ಶುರುಮಾಡಿದವರು ಮೂರನೇ ಸಾಲಿಗೆ ‘ನಿಮ್ಮ’ಕ್ಕೆ ಜಾರುತ್ತಾರೆ, ‘ತಾವುಗಳು’ ಅಂತೂ ಒಬ್ಬರೇ ಓದುವ ಪತ್ರದಲ್ಲಿ ಮಂದಿ ಕೂಡಿಸಿದ ಹಾಗೆ. ‘ನೀವು’ ಎಂಬುದೇ ಸಾಕಷ್ಟು ಗೌರವದ ಮಾತು. ‘ಇದ್ಯಾ’ ಎಂಬುದನ್ನು ‘ಇದೆಯೇ’ ಎಂದು ಉದ್ದ ಮಾಡಿದರೆ ಕಾಗುಣಿತ ಸರಿಯಾಗುತ್ತದೆಯೇ ಹೊರತು ಸಕ್ಕರೆ ಕೇಳಿದ ಹಾಗಿರುವುದು ತಪ್ಪುವುದಿಲ್ಲ. ‘ಅವಕಾಶ ಸಿಗಬಹುದೇ’ ಎಂದರೆ ತಪ್ಪುತ್ತದೆ, ಏಕೆಂದರೆ ಕೊಡುವುದೂ ಬಿಡುವುದೂ ಎದುರಿನವರ ಕೈಯಲ್ಲಿದೆ ಎಂಬುದನ್ನು ಆ ‘ಬಹುದೇ’ ಒಪ್ಪಿಕೊಂಡಿದೆ. ‘ಐತೇನ್ರಿ’ಯ ‘ರಿ’ ಮಾಡುತ್ತಿದ್ದ ಕೆಲಸವನ್ನು ಬರಹದಲ್ಲಿ ಈ ‘ಬಹುದೇ’ ಮತ್ತು ‘ತಿಳಿಸಿದರೆ’ ಎಂಬ ಎರಡು ರೂಪಗಳು ಮಾಡುತ್ತವೆ. ‘ಬೇಗ’ ಎಂಬ ಪದವನ್ನು ತೆಗೆದು ಅದರ ಜಾಗದಲ್ಲಿ ತಾರೀಕು, ತಾರೀಕಿನ ಪಕ್ಕ ಕಾರಣ. ಈಗ ಓದಿ:

‘ಮ್ಯಾನೇಜರ್ ಅವರಿಗೆ ನಮಸ್ಕಾರ. ನಾನು ಜಗಳೂರಿನ ಪದವಿ ಕಾಲೇಜಿನಲ್ಲಿ ಬಿ.ಕಾಂ. ಕೊನೆಯ ವರ್ಷ ಓದುತ್ತಿದ್ದೇನೆ. ನಿಮ್ಮ ಲೆಕ್ಕಪತ್ರ ವಿಭಾಗದಲ್ಲಿ ಆರು ವಾರ ಇಂಟರ್ನ್‌ಶಿಪ್ ಮಾಡಲು ಅವಕಾಶ ಸಿಗಬಹುದೇ ಎಂದು ಕೇಳಲು ಬರೆಯುತ್ತಿದ್ದೇನೆ. ಏಪ್ರಿಲ್ 6ರಿಂದ ಮೇ 16ರವರೆಗೆ ವಾರಕ್ಕೆ ಆರು ದಿನ ಬರಬಲ್ಲೆ. ಟ್ಯಾಲಿಯಲ್ಲಿ ಖರೀದಿ ಮತ್ತು ಮಾರಾಟದ ವೋಚರ್ ಹಾಕಲು ಬರುತ್ತದೆ. ಬ್ಯಾಂಕ್ ಲೆಕ್ಕ ತಾಳೆ ನೋಡುವುದನ್ನು ಪುಸ್ತಕದಲ್ಲಿ ಓದಿದ್ದೇನೆ, ಮಾಡಿಲ್ಲ. ನಾನು ಮಾರ್ಚ್ 25ರೊಳಗೆ ಕಂಪನಿಯ ಒಪ್ಪಿಗೆ ಪತ್ರವನ್ನು ಕಾಲೇಜಿಗೆ ಸಲ್ಲಿಸಬೇಕಿದೆ. ಕೊನೆಯಲ್ಲಿ ಹಾಜರಿಯ ಪ್ರಮಾಣಪತ್ರವೂ ಬೇಕಾಗುತ್ತದೆ. ಭತ್ಯೆ ಕೊಡುವ ಪದ್ಧತಿ ಇದೆಯೇ ಎಂಬುದನ್ನೂ ತಿಳಿಸಿದರೆ, ದಾವಣಗೆರೆಯಲ್ಲಿ ಉಳಿಯುವುದೋ ದಿನಾ ಊರಿಂದ ಬರುವುದೋ ಎಂದು ತೀರ್ಮಾನಿಸಿಕೊಳ್ಳುತ್ತೇನೆ. ಈ ಸಲ ಆಗದಿದ್ದರೆ ಹಾಗೆಂದು ಒಂದು ಸಾಲು ತಿಳಿಸಿದರೂ ಸಾಕು, ಬೇರೆ ಕಡೆ ಕೇಳುತ್ತೇನೆ. ವಂದನೆಗಳು.’

ಕೆಳಗೆ ಹೆಸರು, ತನ್ನ ನಂಬರು, ಕೇಳಿ ಒಪ್ಪಿಗೆ ಪಡೆದು ಒಬ್ಬ ಮೇಷ್ಟ್ರ ಹೆಸರು. ಮುಗಿಯಿತು. ಇದರಲ್ಲಿ ಪ್ರಾರ್ಥನೆ ಇಲ್ಲ, ಪ್ರತಿಷ್ಠಿತ ಇಲ್ಲ, ವಿಧೇಯ ಇಲ್ಲ. ‘ಓದಿದ್ದೇನೆ, ಮಾಡಿಲ್ಲ’ ಎಂಬ ಮಾತನ್ನು ತೆಗೆಯಬೇಡಿ. ಎಲ್ಲ ಬರುತ್ತದೆ ಎನ್ನುವವರನ್ನು ನಾವು ನಂಬುವುದಿಲ್ಲ. ಯಾವುದು ಬರುವುದಿಲ್ಲ ಎಂದು ಗೊತ್ತಿರುವ ಹುಡುಗನನ್ನು ಎಲ್ಲಿ ಕೂರಿಸಬೇಕೆಂದು ನನಗೆ ತಿಳಿಯುತ್ತದೆ.

ಕಳಿಸುವ ದಿನವೂ ಮರ್ಯಾದೆಯ ಭಾಗವೇ, ಇದನ್ನು ಯಾವ ಪತ್ರಲೇಖನದ ಪಾಠವೂ ಹೇಳುವುದಿಲ್ಲ. ತಿಂಗಳು ತಿಂಗಳೂ ಜಿಎಸ್‌ಟಿ ಸಲ್ಲಿಸುವ ಕಂಪನಿಗೆ 11ನೇ ತಾರೀಕು ಮಾರಾಟದ ವಿವರದ ಗಡುವು, 20ನೇ ತಾರೀಕು ತೆರಿಗೆ ಕಟ್ಟಿ ಸಲ್ಲಿಸುವ ಮೂರು-ಬಿ ನಮೂನೆಯ ಗಡುವು. ಅದರ ಮೇಲೆ ಮಾರ್ಚ್ ಎಂದರೆ ವರ್ಷದ ಲೆಕ್ಕ ಮುಗಿಸುವ ತಿಂಗಳು. ಮಾರ್ಚ್ 19ರ ಸಂಜೆ ಬಂದ ಸಂದೇಶ, ಅದು ಎಷ್ಟೇ ಚೆನ್ನಾಗಿರಲಿ, ಕೆಳಗೆ ಸರಿದು ಮರೆತುಹೋಗುತ್ತದೆ. ಅದೇ ಸಂದೇಶವನ್ನು ಫೆಬ್ರವರಿ 22ರ ಸುಮಾರಿಗೆ ಬೆಳಿಗ್ಗೆ ಕಳಿಸಿದರೆ ಓದಲು ಪುರುಸೊತ್ತು ಇರುತ್ತದೆ. ಕಾಲೇಜು 25ರ ಗಡುವನ್ನು 15ಕ್ಕೆ ಹೇಳಿದರೆ ಹುಡುಗನೇನು ಮಾಡಬೇಕು ಎಂಬುದು ನ್ಯಾಯವಾದ ಪ್ರಶ್ನೆ, ಅದಕ್ಕೆ ಉತ್ತರ ಕೊಡಬೇಕಾದವರು ಕಾಲೇಜಿನವರು.

ಇಂಗ್ಲಿಷಿನಲ್ಲಿ ಬರೆದರೇ ಬೆಲೆ ಎನ್ನುವವರಿದ್ದಾರೆ. ‘ರೆಸ್ಪೆಕ್ಟೆಡ್ ಸರ್’ನಿಂದ ‘ಡು ದ ನೀಡ್‌ಫುಲ್’ವರೆಗಿನ ಆ ಇಂಗ್ಲಿಷ್ ಈ ಎರಡನೇ ಮಾದರಿಯ ಅಣ್ಣ, ಅಷ್ಟೇ. ದಾವಣಗೆರೆಯ ಅನೇಕ ಕಂಪನಿಗಳಲ್ಲಿ ಓದುವವರೂ ಕನ್ನಡದವರೇ. ಇಂಗ್ಲಿಷ್ ಕೇಳುವ ಕಡೆಗೆ ಇಂಗ್ಲಿಷ್ ಬರೆಯಿರಿ, ಹೇಳಬೇಕಾದ ಸಂಗತಿಗಳು ಇವೇ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಒಂದಿದೆ. ‘ಸಂದೇಶ ನೋಡಿ ಯಾರು ತಗೋತಾರೆ ಸಾರ್, ಇಂಥವರ ಕಡೆಯವರು ಅಂದ್ರೆ ಆಯ್ತು’ ಎಂದು ಹೊನ್ನಾಳಿಯ ಹುಡುಗಿಯೊಬ್ಬಳು ನನಗೇ ಹೇಳಿದ್ದಳು. ಸುಳ್ಳಲ್ಲ. ಮಂಡಿಯಲ್ಲಿ, ಮಿಲ್ಲಿನಲ್ಲಿ, ಆಡಿಟರ್ ಆಫೀಸಿನಲ್ಲಿ ಬಹಳ ಜಾಗಗಳು ಮಾವನ ಒಂದು ಫೋನಿನಿಂದ ತುಂಬಿಹೋಗುತ್ತವೆ. ಚೆನ್ನಾಗಿ ಬರೆದ ಸಂದೇಶ ಇಲ್ಲದ ಜಾಗವನ್ನು ಸೃಷ್ಟಿಸುವುದಿಲ್ಲ. ಆದರೆ ಮಾವ ಇರುವವರಿಗೆ ಪತ್ರದ ಅಗತ್ಯವೇ ಇಲ್ಲ. ಪತ್ರ ಬೇಕಾಗಿರುವುದು ಮಾವ ಇಲ್ಲದವರಿಗೆ, ಮತ್ತು ನಾವು ಬೇಡುವ ಧಾಟಿ ಕಲಿಸುತ್ತಿರುವುದು ಅವರಿಗೇ. ಅವರ ಕೈಯಲ್ಲಿರುವ ಒಂದೇ ಸಾಧನವನ್ನು ನಾವು ಮೊಂಡು ಮಾಡಿ ಕೊಡುತ್ತಿದ್ದೇವೆ ಎಂಬುದು ನನ್ನ ತಕರಾರು.

ಇನ್ನು ಮ್ಯಾನೇಜರುಗಳ ಸರದಿ. ‘ಹಾಯ್’ ನೋಡಿ ಸಿಟ್ಟಾಗುವ ನಾವು ಎಷ್ಟು ಸಂದೇಶಗಳಿಗೆ ಉತ್ತರ ಬರೆಯುತ್ತೇವೆ? ನೀಲಿ ಗೆರೆ ಎರಡು ಬಿದ್ದಿರುತ್ತವೆ, ಆ ಕಡೆ ಹುಡುಗಿ 25ನೇ ತಾರೀಕಿನವರೆಗೂ ಕಾಯುತ್ತಾಳೆ, ಬೇರೆ ಕಡೆ ಕೇಳುವ ದಿನಗಳು ಕಳೆದುಹೋಗುತ್ತವೆ. ಓದಿಯೂ ಸುಮ್ಮನಿರುವುದು ‘ಇದ್ಯಾ’ಕ್ಕಿಂತ ದೊಡ್ಡ ಒರಟುತನ. ನಾನು ಈಗ ಎರಡು ಸಾಲನ್ನು ಮೊಬೈಲಿನಲ್ಲಿ ಬರೆದಿಟ್ಟುಕೊಂಡಿದ್ದೇನೆ: ‘ನಮಸ್ಕಾರ. ಈ ಏಪ್ರಿಲ್‌ಗೆ ಜಾಗ ತುಂಬಿದೆ, ಭತ್ಯೆ ಕೊಡುವುದಿಲ್ಲ, ಜುಲೈ ನಂತರ ಬರುವುದಾದರೆ ಮೇ ಕೊನೆಯಲ್ಲಿ ಮತ್ತೆ ಕೇಳಿ.’ ‘ಹಾಯ್ ಸರ್’ ಎಂದು ಬಂದವರಿಗೂ ಇದನ್ನೇ ಕಳಿಸುತ್ತೇನೆ. ಬಹುಪಾಲು ಜನ ಮರುಕ್ಷಣವೇ ಬರೆಯುವುದು ಒಂದೇ ಮಾತು, ಅದೂ ಅವರ ಊರಿನ ಕನ್ನಡದಲ್ಲಿ: ‘ಆಯ್ತ್ರಿ, ಕೇಳ್ತೀನ್ರಿ.’